ಜೋಮು ಹಿಡಿದ ಮನಸ್ಸು: ವರ್ಷಗಳ ಆರೈಕೆ ಮುಗಿದ ಮೇಲೆ

(ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಂಡ ಕುಟುಂಬದವರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ)

ನಿಮ್ಮಲ್ಲಿ ಹಲವರು ಒಳಗೆ ಬರುವಾಗ ಚೀಟಿಯಲ್ಲಿ ಪ್ರಶ್ನೆ ಬರೆದು ಕೊಟ್ಟಿದ್ದೀರಿ. ಹೆಚ್ಚು ಚೀಟಿಗಳಲ್ಲಿ ಇರುವುದು ಒಂದೇ ಮಾತು: "ಏನೂ ಅನ್ನಿಸ್ತಾ ಇಲ್ಲ." ದುಃಖ ಆಗ್ತಿದೆ ಅಂತ ಯಾರೂ ಬರೆದಿಲ್ಲ. ಅತ್ತೆ ತೀರಿಕೊಂಡು ಮೂರು ತಿಂಗಳಾಯಿತು, ಕಣ್ಣಲ್ಲಿ ಒಂದು ಹನಿ ನೀರು ಬಂದಿಲ್ಲ. ಮಗಳಿಗೆ ಕೆಲಸ ಸಿಕ್ಕಿತು, ಎಲ್ಲರೂ ಕುಣಿದಾಡಿದರು, ನಾನು ಸಿಹಿ ಹಂಚಿದೆ, ಒಳಗೆ ಮಾತ್ರ ಸಪ್ಪೆ. ಹೀಗೆ. ಇವತ್ತು ಈ ಒಂದು ವಿಷಯವನ್ನಷ್ಟೇ ಮಾತಾಡೋಣ.

ಕಾಲು ಮಡಚಿ ಬಹಳ ಹೊತ್ತು ಕೂತರೆ ಏನಾಗುತ್ತದೆ? ಜೋಮು ಹಿಡಿಯುತ್ತದೆ. ಕಾಲು ಇರುತ್ತದೆ, ಮುಟ್ಟಿದರೆ ಗೊತ್ತಾಗುವುದಿಲ್ಲ. ಕಾಲು ಸತ್ತಿಲ್ಲ, ನರದ ಮೇಲೆ ಭಾರ ಬಿದ್ದು ಸುದ್ದಿ ಸಾಗುತ್ತಿಲ್ಲ, ಅಷ್ಟೆ. ಇನ್ನೊಂದು ಸಂಗತಿಯನ್ನೂ ಗಮನಿಸಿ. ಕಾಲು ಚಾಚಿದ ತಕ್ಷಣ ಸುಖವಾಗುವುದಿಲ್ಲ. ಮೊದಲು ಬರುವುದು ಚುಮುಚುಮು, ಸೂಜಿ ಚುಚ್ಚಿದ ಹಾಗೆ. ಆ ಎರಡು ನಿಮಿಷ ಯಾರಾದರೂ ಕಾಲು ಮುಟ್ಟಿದರೆ ಕಿರುಚುತ್ತೇವೆ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ. ಹೋಲಿಕೆಗೆ ಒಂದು ಮಿತಿಯೂ ಇದೆ: ಕಾಲಿನ ಜೋಮು ನಿಮಿಷಗಳಲ್ಲಿ ಹೋಗುತ್ತದೆ, ಮನಸ್ಸಿನದಕ್ಕೆ ತಿಂಗಳುಗಳು ಹಿಡಿಯುತ್ತವೆ.

ಒಬ್ಬ ಸೊಸೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಈಕೆ ಯಾರೋ ಒಬ್ಬರಲ್ಲ, ಹಲವರ ಅನುಭವ ಸೇರಿಸಿ ಮಾಡಿದ ಚಿತ್ರ. ದಾವಣಗೆರೆ ಕಡೆಯ ಊರು, ವಯಸ್ಸು ಐವತ್ತೆರಡು. ಅತ್ತೆಗೆ ಲಕ್ವ ಹೊಡೆದು ಆರು ವರ್ಷ ಹಾಸಿಗೆ. ಮೂಗಿನ ಕೊಳವೆಯಲ್ಲಿ ಎರಡು ಮೂರು ಗಂಟೆಗೊಮ್ಮೆ ಗಂಜಿ. ಬೆನ್ನಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ ಬಿಡುವಂತಿಲ್ಲ. ಡೈಪರ್, ಮೂತ್ರದ ಚೀಲ, ಮಾತ್ರೆ ಪುಡಿ ಮಾಡುವುದು. ಅಂದರೆ ಆರು ವರ್ಷ ಈಕೆ ಒಂದೇ ಸಮನೆ ನಾಲ್ಕು ಗಂಟೆ ನಿದ್ದೆ ಮಾಡಿದ ರಾತ್ರಿ ಬೆರಳೆಣಿಕೆಯಷ್ಟು.

ಈ ಆರು ವರ್ಷದಲ್ಲಿ ಈಕೆಯ ಮೈ ಏನು ಕಲಿಯಿತು ನೋಡಿ. ಮಲದ ವಾಸನೆಗೆ ಹೇಸಿಗೆ ಪಟ್ಟರೆ ಕೆಲಸ ಆಗುವುದಿಲ್ಲ, ಹೇಸಿಗೆಯನ್ನು ಬದಿಗಿಟ್ಟಳು. ಅತ್ತೆ ನರಳಿದಾಗ ಕರುಳು ಚುರ್ ಅಂದರೆ ಕೊಳವೆ ಹಿಡಿದ ಕೈ ನಡುಗುತ್ತದೆ, ಅದನ್ನೂ ಬದಿಗಿಟ್ಟಳು. ಊರಿಂದ ಬಂದ ನಾದಿನಿ ಅರ್ಧ ಗಂಟೆ ಕೂತು "ಅಮ್ಮ ಬಡವಾಗಿದಾಳೆ" ಅಂದಾಗ ಬಂದ ಸಿಟ್ಟನ್ನು ನುಂಗಿದಳು. ತನಗೆ ಹಸಿವಾದದ್ದು, ಸೊಂಟ ನೋವಾದದ್ದು, ಮೂತ್ರಕ್ಕೆ ಹೋಗಬೇಕಾದದ್ದು, ಎಲ್ಲ "ಆಮೇಲೆ." ಇದು ದೌರ್ಬಲ್ಯ ಅಲ್ಲ, ಕೆಲಸಕ್ಕೆ ಬೇಕಾದ ಕಸುಬು. ತೊಂದರೆ ಏನೆಂದರೆ, ಈ ತಡೆಗೆ ಆರಿಸಿ ತಡೆಯಲು ಬರುವುದಿಲ್ಲ. ಸಂಕಟವನ್ನು ತಗ್ಗಿಸುವ ತಿರುಪನ್ನೇ ತಿರುಗಿಸಿದರೆ ಸಂತೋಷವೂ ತಗ್ಗುತ್ತದೆ. ಎರಡಕ್ಕೂ ಬೇರೆ ಬೇರೆ ತಿರುಪು ಇಲ್ಲ. ಇನ್ನೊಂದು: ಅತ್ತೆ ತೀರಿಕೊಂಡ ಸುದ್ದಿ ಮನೆಯವರಿಗೆಲ್ಲ ತಲುಪಿತು, ಈಕೆಯ ಮೈಗೆ ತಲುಪಲಿಲ್ಲ. ಅದು ಈಗಲೂ ರಾತ್ರಿ ಎರಡಕ್ಕೆ ಎದ್ದು ಕೂರುತ್ತದೆ, ಮಗ್ಗುಲು ಬದಲಿಸಲು.

ಇಲ್ಲಿ ಒಂದು ಅಡ್ಡ ಮಾತು. ನಮ್ಮಲ್ಲಿ ಸಾವಿನ ಮನೆಗೆ ಬಂದವರು ಮೊದಲು ನೋಡುವುದು ಸೊಸೆಯ ಕಣ್ಣು. "ಒಂದು ಹನಿ ಹಾಕಲಿಲ್ಲ ನೋಡು" ಅಂತ ಹನ್ನೊಂದನೇ ದಿನದ ಊಟದ ಪಂಕ್ತಿಯಲ್ಲೇ ಮಾತು ಎದ್ದಿರುತ್ತದೆ. ಆರು ವರ್ಷ ಒಂದು ದಿನ ಬಂದು ಡೈಪರ್ ಬದಲಿಸದವರು ಎದೆ ಬಡಿದುಕೊಂಡು ಅಳಬಲ್ಲರು, ಯಾಕೆಂದರೆ ಅವರ ತಿರುಪು ಯಾವತ್ತೂ ತಗ್ಗಿರಲಿಲ್ಲ. ಕಣ್ಣೀರಿನಿಂದ ಪ್ರೀತಿ ಅಳೆಯುವವರಿಗೆ ಇದು ತಿಳಿದಿರಬೇಕು.

ಈಗ ಮಾಡುವುದೇನು ಎನ್ನುವುದಕ್ಕೆ ಬರೋಣ. ಅದಕ್ಕೂ ಮೊದಲು ಒಂದು ತಪಾಸಣೆ, ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಥೈರಾಯ್ಡ್ ಕಡಿಮೆಯಾದರೂ ಮನಸ್ಸು ಮಂಕಾಗುತ್ತದೆ. ಬಿ12 ಕಡಿಮೆಯಾದರೂ, ರಕ್ತ ಕಡಿಮೆಯಾದರೂ ಹಾಗೇ. ನೋಡಿಕೊಳ್ಳುವವರು ವರ್ಷಗಟ್ಟಲೆ ತಮ್ಮ ರಕ್ತ ಪರೀಕ್ಷೆ ಮಾಡಿಸಿರುವುದಿಲ್ಲ, ನಿಂತುಕೊಂಡೇ ಅರೆಬರೆ ಉಂಡಿರುತ್ತಾರೆ. ಮಾಂಸ, ಮೊಟ್ಟೆ ತಿನ್ನದವರು, ಹಾಲು ಮೊಸರನ್ನೂ ಕಡಿಮೆ ಮಾಡಿದವರು ಬಿ12 ನೋಡಿಸಲೇಬೇಕು. ಥೈರಾಯ್ಡ್‌ಗೆ ಟಿಎಸ್‌ಎಚ್, ಬಿ12, ಹಿಮೋಗ್ಲೋಬಿನ್, ಸಕ್ಕರೆ, ಇಷ್ಟು ಸಾಕು. ಎರಡನೆಯದು ಮಾತ್ರೆ. ಖಿನ್ನತೆಗೆ ಅಥವಾ ಆತಂಕಕ್ಕೆ ಎಸಿಟಲೋಪ್ರಾಮ್, ಸರ್ಟ್ರಲೀನ್ ಥರದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಕೆಲವರಿಗೆ ಅದರಿಂದಲೂ ಭಾವನೆ ಚಪ್ಪಟೆಯಾಗುತ್ತದೆ. ಹೇಗೆ ಗುರುತಿಸುವುದು? ಮಾತ್ರೆ ಶುರು ಮಾಡಿದ ಮೇಲೆ ಅಥವಾ ಪ್ರಮಾಣ ಏರಿಸಿದ ಮೇಲೆ ಸಂಕಟ ಇಳಿದು, ಅದರ ಜೊತೆಗೇ ನಗುವೂ ಹೋಯಿತೇ ಎಂದು ದಿನಾಂಕ ಹಿಡಿದು ನೋಡಿ. ಹಾಗನ್ನಿಸಿದರೆ ಕೊಟ್ಟ ವೈದ್ಯರಿಗೆ ಈ ಮಾತನ್ನೇ ಹೇಳಿ. ಪ್ರಮಾಣ ತಗ್ಗಿಸುವ, ಬೇರೆ ಮಾತ್ರೆಗೆ ಬದಲಿಸುವ ದಾರಿಗಳು ಅವರ ಹತ್ತಿರ ಇವೆ. ನೀವೇ ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ತಲೆಯೊಳಗೆ ಕರೆಂಟು ಹೊಡೆದಂಥ ಜುಂ ಅನ್ನುವಿಕೆ, ನಿದ್ದೆಗೇಡು ಬರಬಹುದು.

ಇನ್ನು ಜನ ಸಾಮಾನ್ಯವಾಗಿ ಮಾಡುವ ತಪ್ಪು. ಏನೂ ಅನ್ನಿಸುತ್ತಿಲ್ಲ ಎಂದಾಗ ದೊಡ್ಡ ಭಾವನೆಯನ್ನೇ ಎಳೆದು ತರಲು ಹೋಗುತ್ತಾರೆ. ಸತ್ತವರ ಫೋಟೋ ಮುಂದಿಟ್ಟುಕೊಂಡು ಕೂರುತ್ತಾರೆ. "ಅಳು, ಅತ್ತರೆ ಹಗುರಾಗುತ್ತೆ" ಅಂತ ಮನೆಯವರು ಒತ್ತಾಯಿಸುತ್ತಾರೆ. ಇಲ್ಲವೇ ಹತ್ತು ದಿನದ ಮೌನ ಶಿಬಿರಕ್ಕೆ ಕಳಿಸುತ್ತಾರೆ. ಜೋಮು ಹಿಡಿದ ಕಾಲಿನ ಮೇಲೆ ಎದ್ದು ಓಡಿದ ಹಾಗೆ ಇದು. ಆಗುವುದು ಎರಡರಲ್ಲಿ ಒಂದು: ಏನೂ ಬರದೆ "ನನ್ನಲ್ಲೇ ಏನೋ ಕೆಟ್ಟಿದೆ" ಎಂಬ ಭಯ ಗಟ್ಟಿಯಾಗುತ್ತದೆ, ಅಥವಾ ಆರು ವರ್ಷದ್ದು ಒಂದೇ ಸಲ ನುಗ್ಗಿ, ಮೈ ಹೆದರಿ ಬಾಗಿಲನ್ನು ಇನ್ನಷ್ಟು ಬಿಗಿಯಾಗಿ ಹಾಕಿಕೊಳ್ಳುತ್ತದೆ. ಕಣ್ಣು ಮುಚ್ಚಿ ದೀರ್ಘ ಧ್ಯಾನ ಮಾಡುವುದೂ ಶುರುವಿಗೆ ಸರಿಯಲ್ಲ. ಒಳಗೆ ನೋಡು ಎಂದರೆ ಒಳಗಿನ ಸುದ್ದಿಯೇ ಬರುತ್ತಿಲ್ಲವಲ್ಲ, ಏನನ್ನು ನೋಡುವುದು?

ಆದ್ದರಿಂದ ಕೆಳಗಿನಿಂದ ಹೊರಡಬೇಕು. ಚರ್ಮ ಮೊದಲು, ಆಮೇಲೆ ಇಷ್ಟ-ಕಷ್ಟ, ಆಮೇಲೆ ಮಾತು. ದುಃಖ, ಸಂತೋಷ ಇವೆಲ್ಲ ಕೊನೆಗೆ ತಾವಾಗಿ ಬರುತ್ತವೆ.

ಮೊದಲ ಎರಡು ವಾರ ಕೈಯಿಂದ ಆರಂಭಿಸಿ. ಬೆಳಿಗ್ಗೆ ಚಹಾನೋ ಕಾಫಿನೋ ಕುಡಿಯುವಾಗ ಸ್ಟೀಲ್ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಳ್ಳಿ. ಕಣ್ಣು ತೆರೆದೇ ಇರಲಿ. ಬಿಸಿ ಎಲ್ಲಿ ಜಾಸ್ತಿ, ಬೆರಳ ತುದಿಯಲ್ಲೋ ಅಂಗೈ ನಡುವೆಯೋ? ಬಲಗೈಗೂ ಎಡಗೈಗೂ ವ್ಯತ್ಯಾಸ ಇದೆಯೇ? ಒಂದು ನಿಮಿಷ, ಅಷ್ಟೆ. ಆಮೇಲೆ ಲೋಟ ಕೆಳಗಿಟ್ಟು ಕಿಟಕಿಯ ಸರಳನ್ನೋ ಕಲ್ಲಿನ ಕಟ್ಟೆಯನ್ನೋ ಮುಟ್ಟಿ. ಬಿಸಿಯಾದ ಮೇಲೆ ತಣ್ಣಗಿನದು. ಈ ವ್ಯತ್ಯಾಸವೇ ಕೆಲಸ ಮಾಡುವುದು, ಯಾಕೆಂದರೆ ಒಂದೇ ಸಮನಾದ ಸ್ಪರ್ಶವನ್ನು ಚರ್ಮ ಬೇಗ ಮರೆಯುತ್ತದೆ, ಬದಲಾವಣೆಯನ್ನು ಮರೆಯುವುದಿಲ್ಲ. "ಏನಾದರೂ ಅನ್ನಿಸಿತಾ, ಮನಸ್ಸಿಗೆ ಹಿತವಾಯಿತಾ" ಅಂತ ಕೇಳಿಕೊಳ್ಳಬೇಡಿ. ಬಿಸಿಯೋ ತಣ್ಣಗೋ, ಅಷ್ಟೇ ಪ್ರಶ್ನೆ.

ರಾತ್ರಿ ಮಲಗುವ ಮುಂಚೆ ಬಕೆಟ್‌ನಲ್ಲಿ ಕಾಲ್ಗಿಣ್ಣು ಮುಳುಗುವಷ್ಟು ಬೆಚ್ಚಗಿನ ನೀರು, ಹತ್ತು ನಿಮಿಷ ಕಾಲಿಟ್ಟು ಕೂರಿ. ಹದ ನೋಡಲು ಮೊಣಕೈ ಅದ್ದಿ. ಮಗುವಿಗೆ ಎರೆಯುವ ನೀರಿನ ಹದ ಇದ್ದರೆ ಸಾಕು. ಸಕ್ಕರೆ ಕಾಯಿಲೆ ಇದ್ದು ಪಾದದಲ್ಲಿ ಸ್ಪರ್ಶ ಕಡಿಮೆಯಾಗಿರುವವರು ಇದನ್ನು ಬಿಟ್ಟುಬಿಡಿ, ಸುಟ್ಟರೂ ಗೊತ್ತಾಗುವುದಿಲ್ಲ. ಅಂಥವರಿಗೆ ಕೈಗೆ ಎಣ್ಣೆ ಹಚ್ಚಿಕೊಳ್ಳುವುದೇ ಒಳ್ಳೆಯದು: ಅರ್ಧ ಚಮಚ ಕೊಬ್ಬರಿ ಎಣ್ಣೆ, ಒಂದೊಂದೇ ಬೆರಳು, ಗೆಣ್ಣು ಗೆಣ್ಣಿಗೆ ನಿಂತು. ಆರು ವರ್ಷ ಬೇರೆಯವರ ಮೈಗೆ ಎಣ್ಣೆ ಹಚ್ಚಿದ ಕೈ ಅದು. ತನ್ನದೇ ಕೈಗೆ ಹಚ್ಚಿಕೊಳ್ಳುವಾಗ ಕೆಲವರಿಗೆ ಇಲ್ಲಿಯೇ ಗಂಟಲು ಕಟ್ಟುತ್ತದೆ. ಕಟ್ಟಿದರೆ ಕಟ್ಟಲಿ, ಅದರ ಹಿಂದೆ ಬೀಳಬೇಡಿ. ಬೆರಳಿಗೆ ವಾಪಸ್ ಬನ್ನಿ.

ಎಷ್ಟು ಅಂದರೆ ಅತಿಯಾಯಿತು? ಸುತ್ತಲಿನದೆಲ್ಲ ದೂರ ಸರಿದ ಹಾಗೆ, ಗಾಜಿನ ಆಚೆ ಇದ್ದ ಹಾಗೆ ಕಂಡರೆ, ಅಥವಾ ಹತ್ತು ನಿಮಿಷ ಎಲ್ಲಿ ಹೋಯಿತೆಂದೇ ತಿಳಿಯದಿದ್ದರೆ, ನಿಲ್ಲಿಸಿ. ಎದ್ದು ನಿಂತು ಹಿಮ್ಮಡಿಯಿಂದ ನೆಲ ಒತ್ತಿ, ಮುಖಕ್ಕೆ ತಣ್ಣೀರು ಹಾಕಿಕೊಳ್ಳಿ, ಕೋಣೆಯಲ್ಲಿ ಕಾಣುವ ಐದು ವಸ್ತುಗಳ ಹೆಸರನ್ನು ಗಟ್ಟಿಯಾಗಿ ಹೇಳಿ. ಮರುದಿನ ಅರ್ಧ ಸಮಯ ಮಾಡಿ. ಇದು ಪದೇ ಪದೇ ಆದರೆ ಒಬ್ಬರೇ ಮುಂದುವರಿಸಬೇಡಿ, ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಂಡು ಅವರ ಜೊತೆ ಮಾಡಿ.

ಮೂರನೇ ವಾರದಿಂದ ಇಷ್ಟ-ಕಷ್ಟದ ಕೆಲಸ. ಆರು ವರ್ಷ ಆ ಸೊಸೆಯನ್ನು ಯಾರೂ "ನಿನಗೇನು ಬೇಕು" ಎಂದು ಕೇಳಿಲ್ಲ. ಈಗ ಕೇಳಿದರೆ ಅವಳ ಉತ್ತರ, "ಯಾವುದಾದರೂ ಸರಿ." ಈ "ಯಾವುದಾದರೂ ಸರಿ" ಎಂಬ ಮಾತಿನ ಮೇಲೆ ಕಣ್ಣಿಡಿ, ಜೋಮು ಅಡಗಿರುವುದು ಅಲ್ಲೇ. ದಿನಕ್ಕೆ ಮೂರು ಸಲ, ತೀರಾ ಚಿಕ್ಕ ವಿಷಯದಲ್ಲಿ, ಒಂದನ್ನು ಆರಿಸಬೇಕು. ಮಾವಿನ ಉಪ್ಪಿನಕಾಯಿಯೋ ನಿಂಬೆಯದೋ. ಈ ಕುರ್ಚಿಯೋ ಆ ಕುರ್ಚಿಯೋ. ಹಸಿರು ಸೀರೆಯೋ ನೀಲಿಯೋ. ಕಾರಣ ಬೇಡ. ಆರಿಸಿದ್ದು ತಪ್ಪಾದರೂ ನಷ್ಟವಿಲ್ಲದ ವಿಷಯವೇ ಆಗಿರಬೇಕು. ಆಸ್ತಿ, ಮದುವೆ, ಕೆಲಸ ಇವನ್ನೆಲ್ಲ ಈ ಹೊತ್ತಿನಲ್ಲಿ ತೀರ್ಮಾನ ಮಾಡಬೇಡಿ.

ಜೊತೆಗೆ ಒಂದು ನೋಟ್‌ಬುಕ್. ವಾರಕ್ಕೆ ಮೂರು ಕೆಲಸ ಬರೆದುಕೊಳ್ಳಿ, ಪ್ರತಿಯೊಂದೂ ಅರ್ಧ ಗಂಟೆ ಒಳಗಿನದು. ಮಾಡುವ ಮುಂಚೆ ಸೊನ್ನೆಯಿಂದ ಹತ್ತರವರೆಗೆ ಎಷ್ಟು ಹಿತವಾಗಬಹುದು ಅಂತ ಅಂದಾಜು. ಮಾಡಿ ಮುಗಿಸಿದ ಕೂಡಲೇ ನಿಜವಾಗಿ ಎಷ್ಟಾಯಿತು ಅಂತ ಇನ್ನೊಂದು ಅಂಕಿ. ನಮ್ಮ ಸೊಸೆಯ ಮೊದಲ ವಾರದ ಪುಟ ಹೀಗಿರಬಹುದು. ಬೆಳಿಗ್ಗೆ ಕೆರೆ ದಂಡೆ ಮೇಲೆ ನಡಿಗೆ: ಅಂದಾಜು 1, ಆದದ್ದು 1. ಗೆಳತಿಗೆ ಫೋನು: ಅಂದಾಜು 2, ಆದದ್ದು 0, ಅವಳು ಬರೀ ಅತ್ತೆ ವಿಷಯ ತೆಗೆದಳು. ಸಂಜೆ ಮಂಡಕ್ಕಿ ಮೆಣಸಿನಕಾಯಿ ತಿನ್ನಲು ಅಂಗಡಿಗೆ ಹೋದದ್ದು: ಅಂದಾಜು 0, ಆದದ್ದು 2. ಈ ಪುಟದಲ್ಲಿ ನೋಡಬೇಕಾದದ್ದು ಆ ಕೊನೆಯ ಸಾಲು. ಎರಡು ಅನ್ನುವುದು ಏನೇನೂ ಅಲ್ಲ, ಆದರೆ ಮನಸ್ಸು ಸೊನ್ನೆ ಎಂದು ಮೊದಲೇ ಹೇಳಿತ್ತು. ಜೋಮು ಹಿಡಿದಾಗ ಅಂದಾಜು ಹೆಚ್ಚಾಗಿ ನಿಜಕ್ಕಿಂತ ಕೆಳಗಿರುತ್ತದೆ, ಅದಕ್ಕೇ "ಹೋಗಿ ಏನು ಮಾಡೋದು" ಅಂತ ಹೊರಡುವುದೇ ಇಲ್ಲ. ಅಂಕಿ ಕೂಡಲೇ ಬರೆಯಬೇಕು ಎಂದದ್ದೂ ಅದಕ್ಕೇ. ರಾತ್ರಿ ಬರೆಯಲು ಕೂತರೆ ಆ ಎರಡು ಅಳಿಸಿ ಸೊನ್ನೆಯಾಗಿರುತ್ತದೆ. ನಾಲ್ಕು ವಾರ ಇದನ್ನು ಮಾಡಿ. ಖುಷಿಯಾದಾಗ ಹೊರಡೋಣ ಅಂತ ಕಾಯುವುದಲ್ಲ, ಹೊರಟು ನೋಡುವುದು. ಖಿನ್ನತೆಯ ಚಿಕಿತ್ಸೆಯಲ್ಲಿ ದಶಕಗಳಿಂದ ಬಳಸುತ್ತಿರುವ ಕ್ರಮ ಇದು.

ಮೊಬೈಲ್ ಬಗ್ಗೆ ಒಂದು ಮಾತು, ಚೀಟಿಗಳಲ್ಲಿ ಅದೂ ಇದೆ. ರಾತ್ರಿ ಹನ್ನೆರಡರವರೆಗೆ ರೀಲ್ಸ್ ನೋಡುತ್ತೇನೆ, ನೋಡಿದ್ದು ಒಂದೂ ನೆನಪಿಲ್ಲ ಎಂದು ಬರೆದಿದ್ದೀರಿ. ಹೆಬ್ಬೆರಳು ಆಡುತ್ತಿರುತ್ತದೆ, ಆರಿಸುವುದು ನೀವಲ್ಲ. ಪೂರ್ತಿ ಬಿಡಿ ಎಂದರೆ ಯಾರೂ ಬಿಡುವುದಿಲ್ಲ. ಆ ಬಕೆಟ್ ನೀರಿನ ಹತ್ತು ನಿಮಿಷ ಫೋನು ಬೇರೆ ಕೋಣೆಯಲ್ಲಿರಲಿ, ಸದ್ಯಕ್ಕೆ ಅಷ್ಟು ಸಾಕು.

ಮುಂದೆ ಮಾತು. 1970ರ ದಶಕದಲ್ಲಿ ಪೀಟರ್ ಸಿಫ್ನಿಯೋಸ್ ಎಂಬ ಮನೋವೈದ್ಯರು ಅಲೆಕ್ಸಿಥೈಮಿಯಾ ಎಂಬ ಹೆಸರು ಕಟ್ಟಿದರು. ಗ್ರೀಕ್ ಮೂಲದ ಪದ, ಭಾವನೆಗೆ ಮಾತಿಲ್ಲದಿರುವುದು ಎಂದು ಅರ್ಥ. 2007ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದಲ್ಲಿ ಮ್ಯಾಥ್ಯೂ ಲೀಬರ್‌ಮನ್ ತಂಡ ತೋರಿಸಿದ್ದೇನೆಂದರೆ, ಸಿಟ್ಟು, ಭಯ ತುಂಬಿದ ಮುಖದ ಚಿತ್ರ ನೋಡುವಾಗ ಆ ಭಾವನೆಗೆ ಹೆಸರು ಹಚ್ಚಿದರೆ ಮೆದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ಭಾಗ ಕೊಂಚ ಶಾಂತವಾಗುತ್ತದೆ. ಹೆಸರಿಟ್ಟದ್ದಕ್ಕೆ ಹೆದರಿಕೆ ಕಡಿಮೆ. ಹೆದರಿಕೆ ಕಡಿಮೆಯಾದರೆ ಮೈ ಬಾಗಿಲನ್ನು ಸ್ವಲ್ಪ ತೆರೆಯುತ್ತದೆ.

ಆದರೆ ಹೆಸರು ಎಲ್ಲಿಂದ ತರುವುದು? "ನಿಮಗೆ ಈಗ ಏನನ್ನಿಸುತ್ತಿದೆ" ಎಂದರೆ ಉತ್ತರ ಗೊತ್ತಾಗದವರಿಗೆ "ಮೈಯಲ್ಲಿ ಎಲ್ಲಿ" ಎಂದು ಕೇಳಿದರೆ ಗೊತ್ತಾಗುತ್ತದೆ. ಇಲ್ಲಿ ಕನ್ನಡ ನಮಗೆ ದೊಡ್ಡ ಉಪಕಾರ ಮಾಡಿದೆ. ಎದೆ ಧಸಕ್ ಅಂತು, ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು, ಕರುಳು ಹಿಂಡಿತು, ಗಂಟಲುಬ್ಬಿ ಬಂತು, ಮೈ ಜುಂ ಅಂತು, ಕೈಕಾಲು ತಣ್ಣಗಾಯಿತು, ಮೈ ಪರಚಿಕೊಳ್ಳುವ ಹಾಗಾಯಿತು, ಎದೆ ಹಗುರಾಯಿತು. ಇವೆಲ್ಲ ಅಲಂಕಾರ ಅಂತ ತಿಳಿದಿದ್ದೇವೆ. ಅಲ್ಲ, ಇವು ವಿಳಾಸಗಳು. ಯಾವ ಭಾವನೆ ಮೈಯ ಯಾವ ಕೇರಿಯಲ್ಲಿ ವಾಸ ಅಂತ ಅಜ್ಜಿಯಂದಿರು ಬರೆದಿಟ್ಟ ವಿಳಾಸ. ಇಂಥ ಹತ್ತು ಹನ್ನೆರಡು ಮಾತನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ. ದಿನಕ್ಕೆ ಎರಡು ಸಲ, ಊಟದ ಮುಂಚೆ ಎಂದಿಟ್ಟುಕೊಳ್ಳಿ, ಆ ಪಟ್ಟಿ ನೋಡಿ ಯಾವುದಾದರೂ ಹತ್ತಿರ ಇದೆಯೇ ಎಂದು ಟಿಕ್ ಮಾಡಿ. ಇಲ್ಲದಿದ್ದರೆ "ಇಲ್ಲ" ಎಂದೇ ಬರೆಯಿರಿ, ಅದೂ ಸರಿಯಾದ ಉತ್ತರ. ಮೊದಲು ಟಿಕ್ ಬೀಳುವುದು ಸಾಮಾನ್ಯವಾಗಿ ಭಾರ, ಬಿಗಿ, ಕಿರಿಕಿರಿ ಇವುಗಳ ಮುಂದೆ. ಹಗುರ ಎನ್ನುವುದರ ಮುಂದೆ ಬಹಳ ತಡವಾಗಿ.

ಇಲ್ಲಿ ಬಹಳ ಜನ ಎಡವುತ್ತಾರೆ. ಒಂದೂವರೆ ಎರಡು ತಿಂಗಳಿಗೆ ಚುಮುಚುಮು ಶುರುವಾಗುತ್ತದೆ. ಕುಕ್ಕರ್ ಸೀಟಿ ಕೇಳಿದರೆ ರೇಗುತ್ತದೆ. ಗಂಡ ಟವೆಲ್ ಹಾಸಿಗೆ ಮೇಲೆ ಬಿಸಾಡಿದ್ದಕ್ಕೆ, ಇಪ್ಪತ್ತೈದು ವರ್ಷ ಸುಮ್ಮನಿದ್ದವಳು, ಕೂಗಾಡುತ್ತಾಳೆ. ಜಾಹೀರಾತು ನೋಡಿ ಕಣ್ಣು ತುಂಬುತ್ತದೆ. ಮನೆಯವರು "ಅಷ್ಟು ವರ್ಷ ಚೆನ್ನಾಗಿದ್ದಳು, ಈಗ ಏನೋ ಆಗಿದೆ" ಅಂತ ಗಾಬರಿಯಾಗುತ್ತಾರೆ, ಆಕೆಯೂ ಹೆದರಿ ಎಲ್ಲ ನಿಲ್ಲಿಸುತ್ತಾಳೆ. ಕಾಲು ಚಾಚಿದಾಗಿನ ಸೂಜಿ ನೆನಪಿದೆಯಲ್ಲ? ಇದು ಅದೇ. ಮೊದಲು ಬರುವುದು ಸಿಟ್ಟು, ಯಾಕೆಂದರೆ ಅತಿ ಹೆಚ್ಚು ನುಂಗಿದ್ದು ಅದನ್ನೇ. ಈ ದಿನಗಳಲ್ಲಿ ಅಭ್ಯಾಸ ಅರ್ಧಕ್ಕೆ ಇಳಿಸಿ, ನಿಲ್ಲಿಸಬೇಡಿ. ಮನೆಯವರಿಗೆ ಮೊದಲೇ ಹೇಳಿಡಿ: ಕೆಲವು ವಾರ ನಾನು ರೇಗಬಹುದು, ಆಗ ಸಮಾಧಾನ ಮಾಡಲು ಬರಬೇಡಿ, ಹತ್ತು ನಿಮಿಷ ಬಿಡಿ. ಗಂಡಂದಿರಿಗೆ ಇನ್ನೊಂದು ಕಿವಿಮಾತು: ಟವೆಲ್ ಎತ್ತಿ ಹಾಕಿ.

ಸಿಟ್ಟಿನ ಕೆಳಗೆ ಇನ್ನೊಂದು ಇದೆ. ಅದನ್ನು ಹೇಳಲು ಯಾರೂ ಒಪ್ಪುವುದಿಲ್ಲ, ಆದ್ದರಿಂದ ನಾನೇ ಹೇಳಿಬಿಡುತ್ತೇನೆ. ಅತ್ತೆಯ ಉಸಿರು ನಿಂತ ಗಳಿಗೆಯಲ್ಲಿ ಆ ಸೊಸೆಗೆ ಮೊದಲು ಬಂದದ್ದು "ಅಬ್ಬಾ, ಮುಗಿಯಿತು" ಎಂಬ ಭಾವ. ಅರೆ ಕ್ಷಣ. ಅದರ ಬೆನ್ನಿಗೇ "ಛೀ, ಎಂಥ ಪಾಪಿ ನಾನು." ಅಲ್ಲಿಗೆ ಬಾಗಿಲು ಬಿತ್ತು. ನಿರಾಳವನ್ನು ಒಳಗೆ ಬಿಡಲಾರದೆ ಮುಚ್ಚಿದ ಬಾಗಿಲಲ್ಲಿ ದುಃಖವೂ ಹೊರಗೇ ನಿಂತುಬಿಟ್ಟಿದೆ. ವರ್ಷಗಟ್ಟಲೆ ಆರೈಕೆ ಮಾಡಿದವರಲ್ಲಿ ಈ ನಿರಾಳ ತೀರಾ ಸಾಮಾನ್ಯ. ಅದು ಸಾವು ಬಯಸಿದ್ದಲ್ಲ. ನರಳಾಟ ಮುಗಿದದ್ದಕ್ಕೆ, ತನ್ನ ಬೆನ್ನು ನೆಟ್ಟಗಾದದ್ದಕ್ಕೆ ಮೈ ಬಿಟ್ಟ ಉಸಿರು. ಇದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಹದಿನೈದು ನಿಮಿಷ, ಅಲಾರಂ ಇಟ್ಟುಕೊಂಡು, "ಮುಗಿದದ್ದರಲ್ಲಿ ನನಗೆ ನಿರಾಳವಾದದ್ದು" ಎಂದು ಶುರು ಮಾಡಿ. ರಾತ್ರಿ ಏಳದೆ ಮಲಗಬಹುದು, ಡೆಟಾಲ್ ವಾಸನೆ ಇಲ್ಲ, ತವರಿಗೆ ಹೋಗಬಹುದು, ಇಂಥವು. ಆಮೇಲೆ ಅದೇ ಹಾಳೆಯ ಹಿಂಬದಿಯಲ್ಲಿ, "ಈಗ ಇಲ್ಲದೆ ಹೋದದ್ದು." ಎರಡೂ ಒಂದೇ ಹಾಳೆಯಲ್ಲಿರಬೇಕು. ಬರೆದು ಹರಿದು ಹಾಕಿದರೂ ಸರಿ, ಯಾರಿಗೂ ತೋರಿಸಬೇಕಿಲ್ಲ. ಹಾಸಿಗೆಗೆ ಹೋಗುವ ಮುಂಚೆ ಮಾತ್ರ ಬೇಡ, ಸಂಜೆ ಬರೆದು ಎದ್ದು ಅಡುಗೆ ಮಾಡಿ.

ಯಾವಾಗ ಈ ಮನೆಮದ್ದು ಸಾಲದು ಎಂದು ತಿಳಿಯಬೇಕು? ಎರಡು ವಾರಕ್ಕೂ ಮೀರಿ ದಿನದ ಹೆಚ್ಚು ಹೊತ್ತು ಏನೂ ಬೇಡ ಎನಿಸಿ, ಅದರ ಜೊತೆ ಊಟ ನಿದ್ದೆ ಕೆಟ್ಟು, ನಾನು ಯಾರಿಗೂ ಬೇಡದವಳು ಎಂದು ಅನ್ನಿಸತೊಡಗಿದರೆ ಅದು ಖಿನ್ನತೆ ಇರಬಹುದು, ಚಿಕಿತ್ಸೆ ಬೇಕು. ಆಸ್ಪತ್ರೆಯ ಒಂದು ದೃಶ್ಯ ಬೇಡವೆಂದರೂ ಮತ್ತೆ ಮತ್ತೆ ಕಣ್ಣ ಮುಂದೆ ಬರುತ್ತಿದ್ದರೂ ಹಾಗೇ. ಸಾಯಬೇಕು ಅನ್ನಿಸಿದರಂತೂ ಅದೇ ದಿನ ಯಾರಿಗಾದರೂ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಕರೆ ಮಾಡಿದಾಗ "ದುಃಖ ಆಗ್ತಿದೆ" ಎಂದು ಹೇಳಲು ಬಾರದಿದ್ದರೆ, ಚೀಟಿಯಲ್ಲಿ ಬರೆದದ್ದನ್ನೇ ಹೇಳಿ. "ಏನೂ ಅನ್ನಿಸ್ತಾ ಇಲ್ಲ" ಎಂಬುದು ಅವರಿಗೆ ಚೆನ್ನಾಗಿ ಅರ್ಥವಾಗುವ ಮಾತು.

ಕೊನೆಯ ಚೀಟಿ: "ಸರಿಹೋದ ಮೇಲೆ ಮತ್ತೆ ಜೋಮು ಬರುತ್ತಾ?" ಬರುತ್ತದೆ. ಮೊದಲ ಹಬ್ಬಕ್ಕೆ, ವರ್ಷದ ಕಾರ್ಯಕ್ಕೆ, ಮನೆಯಲ್ಲಿ ಇನ್ನೊಬ್ಬರು ಆಸ್ಪತ್ರೆ ಸೇರಿದಾಗ, ಒಂದೆರಡು ದಿನ ಎಲ್ಲ ಸಪ್ಪೆಯಾಗುತ್ತದೆ. ಮೈ ತನ್ನ ಹಳೇ ಕಸುಬಿಗೆ ಇಳಿದಿರುತ್ತದೆ. ಆಗ ನೋಟ್‌ಬುಕ್ ಮುಚ್ಚಿಟ್ಟು, ಬರೆಯುವುದನ್ನೂ ಅಂಕಿ ಹಾಕುವುದನ್ನೂ ಬಿಟ್ಟು, ಲೋಟಕ್ಕೆ ವಾಪಸ್ ಬನ್ನಿ. ಬಿಸಿ ಎಲ್ಲಿದೆ, ಬೆರಳಲ್ಲೋ ಅಂಗೈಯಲ್ಲೋ, ಒಂದು ನಿಮಿಷ.